ಟ್ಯೂಬಿನ ಬಿರುಕು

ಚೆಂಬೂರಿನ ಹೋಟೆಲಿನ ಅಡುಗೆಮನೆಯಲ್ಲಿ ಮಧ್ಯಾಹ್ನ ಗ್ಯಾಸ್ ವಾಸನೆ ಬಂದಾಗ ಮ್ಯಾನೇಜರ್ ವಾಮನ ಯಾರಿಗೂ ಸ್ವಿಚ್ ಮುಟ್ಟಲು ಬಿಡಲಿಲ್ಲ. ಒಲೆಗಳನ್ನು ಆರಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ, ಬಾಗಿಲುಗಳನ್ನು ತೆರೆದಿಟ್ಟು, ಎಲ್ಲರನ್ನೂ ರಸ್ತೆಗೆ ಕಳಿಸಿ, ಹೊರಗೆ ನಿಂತು ಫೈರ್ ಬ್ರಿಗೇಡಿಗೆ ಫೋನ್ ಮಾಡಿದ. ಅವರು ಬಂದು ಸಾಬೂನು ನೀರು ಹಚ್ಚಿ ನೋಡಿದಾಗ ರಬ್ಬರ್ ಟ್ಯೂಬಿನ ಬಿರುಕಿನಲ್ಲಿ ಗುಳ್ಳೆ ಎದ್ದಿತು.

"ಟ್ಯೂಬ್ ಬದಲಿಸಿ, ನಾವು ಇನ್ನೊಮ್ಮೆ ನೋಡುವವರೆಗೆ ಒಲೆ ಹಚ್ಚಬೇಡಿ. ಲಿಖಿತ ವರದಿ ಕೊಡಿ" ಎಂದರು ಅಧಿಕಾರಿ.

ಉಡುಪಿಯಲ್ಲಿದ್ದ ಧಣಿ ಜಯಕರ ಶೆಟ್ಟರಿಗೆ ವಾಮನ ಫೋನಿನಲ್ಲಿ ಎಲ್ಲ ಹೇಳಿದ.

"ಸಿಲಿಂಡರೇ ಸರಿ ಇರಲಿಲ್ಲ ಅಂತ ಬರಿ ಮಾರಾಯ. ಟ್ಯೂಬಿನ ಸುದ್ದಿ ಬೇಡ, ತಪ್ಪು ನಮ್ಮ ತಲೆಗೆ ಬರುತ್ತದೆ."

"ಟ್ಯೂಬ್ ಹಳೆಯದಾಗಿದೆ ಅಂತ ಮೊದಲೇ ಹೇಳಿದ್ದೆನಲ್ಲ ಧಣಿ?"

ಫೋನ್ ಕಟ್ಟಾಯಿತು. ಭಟ್ಟಿಯಲ್ಲಿ ಅಡುಗೆ ಮಾಡುವ ಅಣ್ಣು ಹತ್ತಿರ ಬಂದು, "ಧಣಿ ಹೇಳಿದ ಹಾಗೇ ಬರೆಯಿರಿ. ಹೋಟೆಲ್ ಮುಚ್ಚಿದರೆ ನಾವೆಲ್ಲಿಗೆ ಹೋಗುವುದು?" ಎಂದ. ಉಳಿದವರು ತಲೆ ತಗ್ಗಿಸಿದರು.

ವಾಮನ ಟ್ಯೂಬ್ ಬಿರುಕು ಬಿಟ್ಟಿತ್ತೆಂದೇ ಬರೆದ. ಒಂದು ಪ್ರತಿಯನ್ನು ಅಧಿಕಾರಿಗೆ ಕೊಟ್ಟು, ಅದರದ್ದೇ ಫೋಟೋವನ್ನು ಧಣಿಗೆ ಕಳಿಸಿದ. 

ಹೊಸ ಟ್ಯೂಬುಗಳು ಬಂದವು, ತಪಾಸಣೆ ಮುಗಿಯಿತು, ಹೋಟೆಲ್ ತೆರೆಯಿತು. ಯಾರೂ ವಾಮನನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಧಣಿ ಈಗ ಏನಿದ್ದರೂ ಅಣ್ಣುವಿಗೇ ಫೋನ್ ಮಾಡುತ್ತಾರೆ. ಕೆಲಸದವರ ಊಟದ ಹೊತ್ತಿಗೆ ಒಳಗಿನಿಂದ ತುಳು ಮಾತು, ನಗು ಕೇಳಿಸುತ್ತದೆ. ವಾಮನ ತಟ್ಟೆ ಹಿಡಿದು ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಅವನು ಗಲ್ಲಾದ ಹಿಂದೆ ಒಬ್ಬನೇ ಕೂತು ಉಣ್ಣುತ್ತಾನೆ.