ಬಾಗಿಲೆದುರಿನ ಕನ್ನಡಿ

ಹಬ್ಬುವಾಡದ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆರೆದಾಗ ವಿಜೇತಾ ಆಳೆತ್ತರದ ಕನ್ನಡಿಯನ್ನು ಬಾಗಿಲಿಗೆ ನೇರ ಎದುರು ಹಾಕಿಸಿದ್ದಳು, ಇಕ್ಕಟ್ಟಿನ ಕೋಣೆ ದೊಡ್ಡದಾಗಿ ಕಾಣಲಿ ಅಂತ. ಕೋಣೆಯೇನೋ ದೊಡ್ಡದಾಗಿ ಕಂಡಿತು. ಕುರ್ಚಿಯಲ್ಲಿ ಕೂತವರ ಮುಖವೂ ರಸ್ತೆಗೆಲ್ಲ ಕಂಡಿತು! ಬಾಗಿಲಿಗೆ ಪರದೆ ಇತ್ತು ನಿಜ, ಆದರೆ ಕಾರವಾರದ ಗಾಳಿ ಪರದೆಗೆ ಹೆದರುತ್ತದೆಯೇ?

ಒಂದು ದಿನ ಶಾಲೆಯ ಕವಿತಾ ಅಕ್ಕೋರು ಮುಖಕ್ಕೆಲ್ಲ ಪ್ಯಾಕ್ ಬಳಿದುಕೊಂಡು ಕೂತಿದ್ದರು. ಪರದೆ ಹಾರಿತು. ಕನ್ನಡಿಯಲ್ಲಿ, ಮೀನಿನ ಚೀಲ ಹಿಡಿದು ರಸ್ತೆಯಲ್ಲಿ ನಿಂತಿದ್ದ ಅವರ ಮಾವ ಕಂಡರು! ಅಕ್ಕೋರು ಎದ್ದು ಅಡುಗೆಮನೆಗೆ ಓಡಿದರು. ಸುದ್ದಿ ಊರೆಲ್ಲ ಹಬ್ಬಿ, ಬರುವವರು ನಿಂತೇಹೋದರು.

"ಚೌತಿ ತನಕ ನೋಡ್ತೆ," ಅಂದಳು ಅತ್ತೆ ಹೀರಾ. "ಆಮೇಲೆ ಕೋಣೆ ಎಸ್‌ಟಿಡಿ ಬೂತಿನವನಿಗೆ ಕೊಡೂದೇ."

ವಿಜೇತಾಳಿಗೆ ಅಳು ಬಂತು. ಆಮೇಲೆ ತಾನೇ ಆ ಕುರ್ಚಿಯಲ್ಲಿ ಕೂತು ನೋಡಿದಳು: ಕನ್ನಡಿಯ ತುಂಬ ರಸ್ತೆಯೇ ಇತ್ತು. ಗಾಳಿಯನ್ನು ಬಯ್ಯುವುದು ಬಿಟ್ಟು ಗಂಡ ಸಂದೀಪನನ್ನು ಕರೆದಳು.

ಕನ್ನಡಿ ಪಕ್ಕದ ಗೋಡೆಗೆ ಹೋಯಿತು, ಅದರ ಎರಡೂ ಬದಿಗೆ ಟ್ಯೂಬ್‌ಲೈಟ್ ಬಂತು, ಮುಖದ ಮೇಲೆ ನೆರಳು ಬೀಳದ ಹಾಗೆ. ಕೋಣೆಯ ನಡುವೆ ತಲೆಗಿಂತ ಎತ್ತರದ ಪ್ಲೈವುಡ್ ಅಡ್ಡಗೋಡೆ ನಿಂತಿತು, ಕುರ್ಚಿ ಅದರ ಒಳಬದಿಗೆ. ಫ್ಯಾನಿನ ಗಾಳಿ ಓಡಾಡಲಿ ಅಂತ ಮೇಲೆ ಖಾಲಿ ಬಿಟ್ಟರು. ಕಾಯುವವರ ಬೆಂಚು ಅದಕ್ಕೆ ಬೆನ್ನು ಮಾಡಿ, ಮುಖ ಬಾಗಿಲ ಕಡೆಗೆ. ತಲೆ ತೊಳೆಯುವ ಬೇಸಿನ್ ಒಳಗಿನ ಮೂಲೆಗೆ, ಅಡುಗೆಮನೆಯ ಮೋರಿಗೆ ಹತ್ತಿರ. ಒಂದು ಬದಿಗೆ, ಕೂತವರ ಕಾಲು ತುಳಿಯದೆ ಹೋಗಿಬರುವಷ್ಟು ದಾರಿ, ಅದರ ಕೊನೆಗೆ ದಪ್ಪ ಪರದೆ, ಕೆಳಗೆ ಭಾರದ ಸರಳು ಹೊಲಿದದ್ದು. ತಲೆಗೆ ಹಚ್ಚುವ ಬಣ್ಣದ ವಾಸನೆ ಹೊರಗೆಳೆಯಲು ಎಕ್ಸಾಸ್ಟ್ ಫ್ಯಾನು. ಕಾಯುವವರ ಮೂಗಿಗೆ ಈಗ ಬಂದದ್ದು ಬೆಂಚಿನ ಬಳಿ ಇಟ್ಟ ಒಣ ಸುರಗಿ ಹೂವಿನ ಘಮ ಮಾತ್ರ.

ಅಕ್ಕೋರು ಅಳುಕುತ್ತಲೇ ಬಂದು ನಗುತ್ತ ಹೋದರು. ಅವರ ಹಿಂದೆ ಇನ್ನಷ್ಟು ಜನ ಬಂದರು. ಹೀರಾ ಎಲ್ಲವನ್ನೂ ಬೆಂಚಿನಲ್ಲಿ ಕೂತು ನೋಡಿದಳು. ಚೌತಿಯ ಹಿಂದಿನ ದಿನ ಸೊಸೆಯ ಕಿವಿಯಲ್ಲಿ ಅಂದಳು: "ನನ್ ತಲೆಗೂ ಬಣ್ಣ ಹಚ್ಚೇ. ಯಾರಾದ್ರೂ ನೋಡಿದ್ರೋ, ಕೋಣೆ ಹೋತದೆ."

ಬಣ್ಣ ಹಚ್ಚಿ, ಅತ್ತೆಯ ತಲೆ ತೊಳೆದು ಒರೆಸುತ್ತಿದ್ದಾಗ ನೆರೆಮನೆಯ ಗಂಗೂ ಬೆಂಚಿಗೆ ಬಂದು ಕೂತಳು. ಹೀರಾಳ ಬಾಯಿ ಹುಲಿಗೂ ಹೆದರದು, ಆದರೆ ಗಂಗೂಳ ಬಾಯಿಗೆ ಹೀರಾಳೂ ಹೆದರುತ್ತಿದ್ದಳು.

"ಹೀರಾ ಎಲ್ಲಿ ಅದೆ? ಬಣ್ಣ ಬಳ್ಕಂಬೋರು ಮಾನಗೆಟ್ಟೋರು ಅಂತಿದ್ಲು ಅವ್ಳು!" ಗಂಗೂ ಪಕ್ಕದವರಿಗೆ ಹೇಳುತ್ತ ನಕ್ಕಳು.

ಅಡ್ಡಗೋಡೆಯ ಹಿಂದೆ ವಿಜೇತಾ ಒರೆಸುವುದು ನಿಲ್ಲಿಸಿದಳು. ಅತ್ತ ಜಾರಿಕೊಳ್ಳಲಿ ಅಂತ ಅತ್ತೆಗೆ ಅಡುಗೆಮನೆಯ ಬಾಗಿಲು ತೋರಿಸಿದಳು. ಹೀರಾ ಅತ್ತ ತಿರುಗಲೇ ಇಲ್ಲ. ಕನ್ನಡಿಯಲ್ಲಿ ತನ್ನನ್ನು ತಾನು ನೋಡುತ್ತ, ಕಪ್ಪಾದ ಕೂದಲು ಹೆಗಲ ಮೇಲೆ ಹಾಕಿಕೊಂಡು ಪರದೆಯನ್ನೇ ಸರಿಸಿ ಹೊರಬಂದಳು.

"ಗಂಗೂ, ನೀ ಬಂದಾಗಿಂದ್ಲೂ ನಾ ಒಳಗೇ ಇದ್ದೆ. ನಿಂಗೆ ಗೊತ್ತಾಯ್ತಾ?"

"ಇಲ್ವಲ್ಲೇ ಬಾಯೇ!" ಗಂಗೂಳ ಬಾಯಿ ತೆರೆದೇ ಉಳಿಯಿತು.

"ಯಾರಿಗೂ ಗೊತ್ತಾಗೂದಿಲ್ಲ. ನನ್ ಸೊಸೆ ಮಾಡಿದ ಕೋಣೆ ಇದು, ಯಾರಿಗೂ ಕೊಡೂದಿಲ್ಲ. ಏಳು, ನಿನ್ ತಲೆನೂ ಬೆಳ್ಳಗಾಗದೆ."

ಗಂಗೂ ಒಮ್ಮೆ ರಸ್ತೆಯ ಕಡೆ ನೋಡಿದಳು, ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.