ಕಾಣದ ಬಿರುಕಿಗೆ ಮತ ಯಾರು ಹಾಕುತ್ತಾರೆ

ಮುಂಬೈ ಜೋಗೇಶ್ವರಿಯ ನಮ್ಮ ಹೌಸಿಂಗ್ ಸೊಸೈಟಿಗೆ ಸ್ವಂತ ಹಾಲ್ ಇಲ್ಲ. ಸಭೆ ನಡೆಯುವುದು ಪಕ್ಕದ ಅಣ್ಣು ಶೆಟ್ಟರ ಬಾರ್ ಮತ್ತು ರೆಸ್ಟೋರೆಂಟಿನಲ್ಲಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಲ್ಲಿ ಹನ್ನೊಂದಕ್ಕೂ ಮುಸ್ಸಂಜೆಯೇ. ಕಿಟಕಿ ಇಲ್ಲ, ಗೋಡೆ ಕಡುಗೆಂಪು, ಇರುವ ದೀಪಗಳೆಲ್ಲ ಮಂದ. ದೊಡ್ಡ ಬಲ್ಬ್ ಹಾಕಿ ಎಂದರೆ ಅಣ್ಣು ಒಪ್ಪುವುದಿಲ್ಲ. “ಬೆಳಕು ಹೆಚ್ಚಾದ್ರೆ ಗಿರಾಕಿಗೆ ನಾಚಿಕೆ ಆಗ್ತದೆ ಮಾರಾಯ್ರೇ,” ಅನ್ನುತ್ತಾರೆ.

ಸೆಕ್ರೆಟರಿ ನೀಲಕಂಠಪ್ಪನವರು ವಿಜಯಪುರದವರು. ಕೆಳಗಿನ ಪಾರ್ಕಿಂಗಿನ ಕಂಬ ಬಿರುಕು ಬಿಟ್ಟಿರುವುದು ಅವರ ನಿದ್ದೆ ಕೆಡಿಸಿತ್ತು. ಕಂಬ ಸರಿಪಡಿಸಬೇಕೆಂದು ಅವರು, ಮೊದಲು ಅಮೃತಶಿಲೆಯ ಲಾಬಿ ಆಗಲಿ ಎಂದು ಮೂರನೇ ಮಹಡಿಯ ದೇವಾನಂದ. ಹಿಂದಿನ ಸಭೆಯಲ್ಲಿ ನೀಲಕಂಠಪ್ಪನವರು ಬಿಳಿ ಹಿನ್ನೆಲೆಯ ಸ್ಲೈಡ್ ತೋರಿಸಿದಾಗ ಕತ್ತಲೆಗೆ ಹೊಂದಿಕೊಂಡಿದ್ದ ಕಣ್ಣುಗಳೆಲ್ಲ ನೀರು ಸುರಿಸಿದವು. ಮುಂದಿನ ಸಾಲಿನ ವೈಶಾಲಿಬಾಯಿ ತಂಪು ಕನ್ನಡಕ ಹಾಕಿಕೊಂಡರು. ನಡಾವಳಿಯಲ್ಲಿ ‘ಕಂಬದ ಸ್ಥಿತಿ ಕೇಳಿ ಸದಸ್ಯರು ಕಣ್ಣೀರಿಟ್ಟರು’ ಎಂದು ದಾಖಲಾಯಿತು. ಆದರೂ ಕಂಬಕ್ಕೆ ಮತ ಬಿದ್ದದ್ದು ಮಾತ್ರ ಆರು.

ಆದ್ದರಿಂದ ಈ ಸಲ ಅವರು ನಾಲ್ಕನೇ ಮಹಡಿಯ ಹರಿಣಿಯನ್ನು ಹಿಡಿದರು. ಅಂಧೇರಿಯ ಕಚೇರಿಯೊಂದರಲ್ಲಿ ಅವಳಿಗೆ ಸ್ಲೈಡ್ ಮಾಡುವುದೇ ಕೆಲಸ. ಅವಳು ಮೊದಲು ಅಣ್ಣುವಿನ ಬಾರಿಗೇ ಪ್ರೊಜೆಕ್ಟರ್ ಹೊತ್ತು ತಂದು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದಳು. ಹಿನ್ನೆಲೆಗೆ ಅಪ್ಪಟ ಕಪ್ಪಲ್ಲ, ಇದ್ದಿಲಿನ ಬೂದು. ಅಕ್ಷರಕ್ಕೆ ಅಪ್ಪಟ ಬಿಳಿಯಲ್ಲ, ಕೆನೆಬಣ್ಣ. ತೆಳು ಅಕ್ಷರ ಕತ್ತಲಲ್ಲಿ ಮಾಯವಾಗುತ್ತದೆ, ತೀರಾ ದಪ್ಪಗಾದರೆ ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಅದಕ್ಕೆ ನಡುಗಾತ್ರದ ದಪ್ಪ ಇಟ್ಟು ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟಳು. ಓದಲು ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆ ಬಂದದ್ದು ಚಿತ್ರಗಳಿಗೆ. ಹರಿಣಿ ಲಾಬಿಯ ಚಿತ್ರವನ್ನಷ್ಟೇ ಮಂದ ಮಾಡಿದ್ದಾಳೆಂದು ದೇವಾನಂದ ಪಕ್ಷಪಾತದ ದೂರು ಕೊಟ್ಟರು. ಕಮಿಟಿ ಗಂಭೀರವಾಗಿ ಕೂತು ಠರಾವು ಮಾಡಿತು: ಎರಡೂ ಚಿತ್ರಗಳ ಬೆಳಕನ್ನು ಸರಿಸಮನಾಗಿ ಶೇಕಡಾ ನಲವತ್ತು ಇಳಿಸತಕ್ಕದ್ದು. ಅಧ್ಯಕ್ಷರು ಮೊಹರು ಒತ್ತಿದರು. ಹರಿಣಿ ಏನು ಹೇಳಿದರೂ ಮೊಹರಿಗೆ ಕೇಳಿಸಲಿಲ್ಲ.

ಶನಿವಾರ ಕಮಿಟಿಯ ಮುಂದೆ ತಾಲೀಮು, ತೆರೆಯ ಮೇಲೆ ಎರಡೂ ಚಿತ್ರ ಪಕ್ಕಪಕ್ಕದಲ್ಲಿ. ಲಾಬಿ ನಲವತ್ತು ಇಳಿದರೂ ಕಲ್ಯಾಣಮಂಟಪದಂತೆ ಝಗಝಗಿಸುತ್ತಿತ್ತು. ಪಾರ್ಕಿಂಗಿನ ಕಂಬ ಮೊದಲೇ ಕತ್ತಲು, ಈಗ ಇದ್ದಿಲಿನಲ್ಲಿ ಪೂರ್ತಿ ಕರಗಿತು. ಹಿಂದಿನ ಸಾಲಿನಲ್ಲಿದ್ದ ನೀಲಕಂಠಪ್ಪನವರ ಹೆಂಡತಿ ಕಾಶವ್ವ ಗಂಡನನ್ನು ಕೇಳಿದರು, “ಕಂಬ ಎಲ್ಲೈತ್ರೀ? ಆಗಲೇ ಬಿತ್ತೇನು?”

ನೀಲಕಂಠಪ್ಪನವರ ಮುಖ ಕಂಬಕ್ಕಿಂತ ಕಪ್ಪಾಯಿತು. ಕಾಣದ ಬಿರುಕಿಗೆ ನಾಳೆ ಆರು ಮತವೂ ಬೀಳುವುದಿಲ್ಲ.

ಮುಂಬೈಯಲ್ಲೇ ಬೆಳೆದ ಹರಿಣಿ ಎದ್ದು ತಡವರಿಸುವ ಕನ್ನಡದಲ್ಲೇ ಹೇಳಿದಳು. “ದೇವಾನಂದ ಅಂಕಲ್, ನಂಬರ್ ಸೇಮ್ ಆದ್ರೆ ಬ್ಯಾಲೆನ್ಸ್ ಆಗಲ್ಲ. ಎಲ್ಲರೂ ಕಣ್ಣು ಅರ್ಧ ಮುಚ್ಚಿ. ಮೊದಲು ಏನು ಕಾಣುತ್ತೆ, ಅದೇ ಜಾಸ್ತಿ ಬ್ರೈಟ್.”

ಕಮಿಟಿಯ ಒಂಬತ್ತು ಜನ ಶಿಸ್ತಾಗಿ ಕಣ್ಣು ಕಿರಿದು ಮಾಡಿದರು. ಅಣ್ಣು ಬಂದು ನೋಡಿ ಇನ್ನೂ ಯಾರೂ ಏನೂ ಕುಡಿದಿಲ್ಲವಲ್ಲ ಎಂದು ಚಿಂತೆಗೊಳಗಾದರು. ಅಧ್ಯಕ್ಷರು ಗೊರಕೆ ಹೊಡೆದರು. ದೇವಾನಂದ ಮಾತ್ರ ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

“ಖರೇ ಹೇಳ್ತೀನಿ,” ಎಂದರು, “ನನ್ನ ಲಾಬಿ ಬಿಟ್ರ ಏನೂ ಕಾಣವಲ್ದು. ಇದು ಗೆದ್ದಂಗ ಅಲ್ಲ. ಆ ಕಂಬಾನೂ ತೋರಸವ್ವಾ.”

ಹರಿಣಿ ಲಾಬಿಯ ಬಿಳಿ ಚಾವಣಿಯ ಹೊಳಪು ಇಳಿಸಿದಳು. ಕಂಬದ ಚಿತ್ರದಲ್ಲಿ ನೆರಳನ್ನಷ್ಟೇ ಮೇಲೆತ್ತಿ, ಅಂಚು ಹಿನ್ನೆಲೆಗೆ ಕರಗದಂತೆ ತೆಳ್ಳನೆಯ ಬೂದು ಗೆರೆ ಕೊಟ್ಟಳು. ಮತ್ತೆ ಕಣ್ಣು ಕಿರಿದು ಮಾಡಿದರೆ ಎರಡೂ ಒಟ್ಟಿಗೇ ಕಂಡವು. ನಿದ್ದೆಯಿಂದ ಎದ್ದ ಅಧ್ಯಕ್ಷರು ಹೊಸ ಠರಾವಿಗೆ ಮೊಹರು ಒತ್ತಿದರು.

ಭಾನುವಾರ ಐವತ್ತೆರಡು ಮಂದಿ ಸದಸ್ಯರು. ಎಡಕ್ಕೆ ಲಾಬಿ, ಚಂದ ಎಂದರು. ಬಲಕ್ಕೆ ಕಂಬ. ಬುಡದಿಂದ ತೊಲೆಯವರೆಗೆ ಬಿರುಕು, ಒಳಗೆ ತುಕ್ಕು ಹಿಡಿದ ಸರಳು. ದಿನಾ ಅದರ ಪಕ್ಕವೇ ಸ್ಕೂಟರ್ ನಿಲ್ಲಿಸುವವರು ಅದನ್ನು ಮೊದಲ ಸಲ ನೋಡಿದರು. ಕೆಲವರು ಎದ್ದು ತೆರೆಯ ಹತ್ತಿರ ಹೋದರು. ಆಮೇಲೆ ಕಂಬಕ್ಕೆ ಕೈಗಳು ಎದ್ದವು. ದೇವಾನಂದರದೂ ಸೇರಿ ಐವತ್ತೆರಡು.

ನೀಲಕಂಠಪ್ಪನವರು ಕುರ್ಚಿಗೆ ಒರಗಿದರು. ಅಷ್ಟರಲ್ಲಿ ವೈಶಾಲಿಬಾಯಿ ಮೊಬೈಲ್ ಹಿಡಿದು ಹರಿಣಿಯ ಹತ್ತಿರ ಬಂದರು. ಅವರ ಬಾತ್‌ರೂಮಿನಲ್ಲೂ ಒಂದು ಬಿರುಕಂತೆ, ಅದನ್ನೂ ಹೀಗೇ ಚೆಂದ ಮಾಡಿ ತೋರಿಸಬೇಕಂತೆ. ಅವರ ಹಿಂದೆ ಒಬ್ಬೊಬ್ಬರಾಗಿ ಹತ್ತೊಂಬತ್ತು ಜನ, ತಂತಮ್ಮ ಬಿರುಕುಗಳನ್ನು ಎದೆಗೊತ್ತಿಕೊಂಡು. ನನ್ನದು ಉದ್ದ, ನಿನ್ನದು ಬರೀ ಬಣ್ಣ ಎದ್ದದ್ದು ಎಂದು ಸಾಲಿನಲ್ಲೇ ವಾದ ಶುರುವಾಯಿತು. ಹರಿಣಿ ಮೊದಲ ಚಿತ್ರ ತೆರೆದು ನೆರಳು ಮೇಲೆತ್ತಿದಳು.

“ಇದು ಬಿರುಕಲ್ಲ ಆಂಟಿ,” ಎಂದಳು. “ಕೂದಲು.”

ವೈಶಾಲಿಬಾಯಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು, ಬೇರೆ ಚಿತ್ರ ಹುಡುಕುತ್ತ.