ಹೇಳದೆ ಉಳಿದ ಮೂರು ವಾರ

ಡಾಕ್ಟರ್ ಸುಭಾಷಿಣಿ ಕಾಪು ಪೇಟೆಯಲ್ಲಿ ಕ್ಲಿನಿಕ್ ತೆರೆದು ಏಳು ವರ್ಷವಾಗಿತ್ತು. ಅಂಬಲಪಾಡಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವಾಗಲೇ ಹೊರಗಿನ ಬೆಂಚು ತುಂಬಿರುತ್ತಿತ್ತು. ಕೈಗುಣ ಒಳ್ಳೆಯದು ಎಂದು ಕಡಲ ಬದಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವಳಿಗೆ ಖುಷಿಯಾಗುತ್ತಿತ್ತು, ಅದನ್ನು ಉಳಿಸಿಕೊಳ್ಳಬೇಕು ಎಂದೂ ಅನ್ನಿಸುತ್ತಿತ್ತು. ಆ ಎರಡನೆಯ ಆಸೆಯೇ ತನ್ನನ್ನು ಕೆಡಿಸಿತು ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

ಅದು ಸಾವಿರದ ಒಂಬೈನೂರ ಎಂಬತ್ತೊಂದರ ಆಗಸ್ಟ್ ತಿಂಗಳು. ಮಳೆಯ ಬಿರುಸು ಇಳಿದು, ಮಲ್ಪೆಯಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುವ ತಯಾರಿ ನಡೆದಿತ್ತು. ಒಂದು ಸೋಮವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಧರ್ಮಪಾಲ ಬಂದ. ಬೋಟು ನಡೆಸುವ ತಾಂಡೇಲ, ಮೂವತ್ತೆರಡರ ಗಟ್ಟಿ ಆಳು, ಬೀಡಿ ಮುಟ್ಟದವನು. ಜೊತೆಯಲ್ಲಿ ಅವನ ಹೆಂಡತಿ ಸ್ವರ್ಣಲತಾ ಇದ್ದಳು.

"ಆರು ದಿನದಿಂದ ಕೆಮ್ಮು ಡಾಕ್ಟ್ರೇ," ಎಂದಳು ಅವಳೇ. "ಮೊದಲು ಶೀತ ಇತ್ತು. ಈಗ ಕಫ ಹಳದಿ ಬರ್ತಾ ಉಂಟು. ಮಲಗಿದರೆ ಇನ್ನೂ ಜಾಸ್ತಿ."

ಸುಭಾಷಿಣಿ ಜ್ವರ ನೋಡಿದಳು, ಇರಲಿಲ್ಲ. ನಾಡಿ ಸರಿಯಿತ್ತು, ಉಸಿರಾಟ ನಿಧಾನವಾಗಿ ಸಲೀಸಾಗಿ ನಡೆದಿತ್ತು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಎರಡೂ ಬದಿ ಮೇಲಿಂದ ಕೆಳಗಿನ ತನಕ ಕೇಳಿದಳು. ಅಲ್ಲಲ್ಲಿ ಸ್ವಲ್ಪ ಗೊರಗೊರ. ಕೆಮ್ಮಲು ಹೇಳಿದ ಮೇಲೆ ಅದೂ ಇಲ್ಲ. ನ್ಯುಮೋನಿಯಾದ ಸುಳಿವು ಎಲ್ಲೂ ಇರಲಿಲ್ಲ. ಶ್ವಾಸನಾಳದ ಒಳಪೊರೆ ಊದಿಕೊಂಡಿದೆ, ಅಷ್ಟೇ. ಶೀತ ತಂದ ವೈರಸ್ಸೇ ಕೆಳಗೆ ಇಳಿದಿದೆ. ಕಫ ಹಳದಿಯಾದದ್ದು ರಕ್ತದ ಬಿಳಿಕಣಗಳು ಅಲ್ಲಿ ಕೆಲಸ ಮಾಡಿದ್ದರಿಂದ. ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಅದರಿಂದ ಹೇಳಲಾಗದು. ಇಷ್ಟೂ ಅವಳಿಗೆ ಗೊತ್ತಿತ್ತು. ಮಣಿಪಾಲದಲ್ಲಿ ಕಲಿಯುವಾಗ ಹಯಗ್ರೀವ ಮೇಷ್ಟ್ರು ವಾರ್ಡಿನಲ್ಲಿ ನಿಂತು ಇದನ್ನೇ ಹೇಳಿಕೊಟ್ಟಿದ್ದರು: ಆರೋಗ್ಯವಂತನ ಇಂಥ ಕೆಮ್ಮಿಗೆ ಆಂಟಿಬಯೋಟಿಕ್ ಏನೂ ಮಾಡದು, ಅದು ತಾನಾಗಿ ಹೋಗುತ್ತದೆ, ಆದರೆ ಹೋಗಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ.

"ಎದೆಯಲ್ಲಿ ಏನೂ ಇಲ್ಲ. ಬಿಸಿನೀರು ಕುಡಿಯಿರಿ, ಸ್ವಲ್ಪ ವಿಶ್ರಾಂತಿ..." ಎಂದು ಶುರು ಮಾಡಿದಳು.

ಧರ್ಮಪಾಲ ನಕ್ಕ. "ಬಿಸಿನೀರಿಗೆ ಇಲ್ಲಿ ತನಕ ಬರಬೇಕಾ ಡಾಕ್ಟ್ರೇ? ಗುರುವಾರ ಬೋಟು ಹೋಗ್ಲಿಕ್ಕೆ ಉಂಟು. ಏಳು ಜನ ನನ್ನನ್ನು ನಂಬಿಕೊಂಡಿದ್ದಾರೆ. ಒಂದು ಸ್ಟ್ರಾಂಗ್ ಮದ್ದು ಕೊಡಿ."

"ಉಡುಪಿಗೆ ಹೋಗುವ ಅಂತ ಇವರು ಹೇಳಿದ್ರು," ಎಂದಳು ಸ್ವರ್ಣಲತಾ. "ನಾನೇ ಇಲ್ಲಿಗೆ ಕರಕೊಂಡು ಬಂದದ್ದು."

ಹೊರಗೆ ಇನ್ನೂ ಹನ್ನೊಂದು ಜನ ಕೂತಿದ್ದರು. ಸುಭಾಷಿಣಿಗೆ ಹಸಿವಾಗಿತ್ತು. ಇವನಿಗೆ ವಿವರಿಸಲು ಕೂತರೆ ಹತ್ತು ನಿಮಿಷ; ಚೀಟಿ ಬರೆಯಲು ಅರ್ಧ ನಿಮಿಷ. ಹಿಂದೆ ಸಲ್ಫಾ ಎಂಬ ಆಂಟಿಬಯೋಟಿಕ್ ಗುಳಿಗೆ ತಿಂದು ತೊಂದರೆಯಾಗಿತ್ತೇ ಎಂದು ಕೇಳಿದಳು. ಅಂಥದ್ದೇನೂ ತಿಂದೇ ಇಲ್ಲ ಎಂದ. ಅದನ್ನೇ ಬೆಳಿಗ್ಗೆ ಎರಡು, ಸಂಜೆ ಎರಡು, ಐದು ದಿನ ಎಂದು ಬರೆದು ಕೊಟ್ಟಳು. ಕೆಮ್ಮು ಎಷ್ಟು ದಿನ ಇರುತ್ತದೆ ಎಂಬುದನ್ನು ಹೇಳಲಿಲ್ಲ. ಗಂಡ ಹೆಂಡಿರಿಬ್ಬರೂ ಸಮಾಧಾನದಿಂದ ಎದ್ದು ಹೋದರು.

ಗುರುವಾರ ಬೋಟು ಹೋಯಿತು, ಧರ್ಮಪಾಲನೂ ಹೋದ. ಕೆಮ್ಮುತ್ತಲೇ ಹೋದ, ಕೆಮ್ಮುತ್ತಲೇ ಶನಿವಾರ ಹಿಂದಿರುಗಿದ. ಐದು ದಿನದ ಗುಳಿಗೆ ಮುಗಿದಿತ್ತು, ಕೆಮ್ಮು ಮುಗಿದಿರಲಿಲ್ಲ. ಇಷ್ಟು ದಿನಕ್ಕೆ ಕೆಮ್ಮು ಉಳಿದೇ ಇರುತ್ತದೆ ಎಂದು ಸ್ವರ್ಣಲತಾಳಿಗೆ ಯಾರೂ ಹೇಳಿರಲಿಲ್ಲವಲ್ಲ. ಮದ್ದು ಸಾಲಲಿಲ್ಲ ಎಂದುಕೊಂಡು ಗುಳಿಗೆಯ ಖಾಲಿ ಪಟ್ಟಿಯನ್ನು ಮದ್ದಿನ ಅಂಗಡಿಯಲ್ಲಿ ತೋರಿಸಿ ಇನ್ನೂ ಐದು ದಿನದ್ದು ತಂದಳು.

ಗುಳಿಗೆ ಶುರುವಾದ ಹತ್ತನೆಯ ದಿನ ಅವನಿಗೆ ಜ್ವರ ಬಂತು. ಕಣ್ಣು ಕೆಂಪಾಗಿ ಉರಿಯತೊಡಗಿತು. ಮರುದಿನ ಬೆಳಿಗ್ಗೆ ರಿಕ್ಷಾದಲ್ಲಿ ಕರೆತಂದಾಗ ಸುಭಾಷಿಣಿ ಬಾಗಿಲ ಬಳಿಯೇ ಅವನನ್ನು ನೋಡಿ ನಿಂತುಬಿಟ್ಟಳು. ತುಟಿ ಒಡೆದು ಕಪ್ಪಾಗಿತ್ತು. ಬಾಯಿಯೊಳಗೆಲ್ಲ ಹುಣ್ಣು, ಎಂಜಲು ನುಂಗಲೂ ಆಗದೆ ಬಟ್ಟೆ ಹಿಡಿದಿದ್ದ. ಎದೆಯ ಮೇಲೂ ಮುಖದ ಮೇಲೂ, ನಡುಭಾಗ ಕಪ್ಪಾದ ಕೆಂಪು ಬೊಟ್ಟುಗಳು. ಭುಜದ ಹತ್ತಿರ ಅಂಗಿ ಉಜ್ಜಿದಲ್ಲಿ ಚರ್ಮ ಸುಲಿದು ಬಂದಿತ್ತು.

"ಗುಳಿಗೆ ಇನ್ನೂ ತಿಂತಾ ಇದ್ದಾರಾ?"

"ಹೌದು ಡಾಕ್ಟ್ರೇ. ಇವತ್ತು ಬೆಳಿಗ್ಗೆಯೂ ನಾನೇ ಅರೆದು ಕುಡಿಸಿದೆ. ಜ್ವರಕ್ಕೂ ಆಗ್ತದೆ ಅಂತ."

ಸುಭಾಷಿಣಿ ಬೆಂಚಿನ ಮೇಲಿದ್ದವರನ್ನೆಲ್ಲ ಮನೆಗೆ ಕಳಿಸಿ, ಬಾಡಿಗೆ ಕಾರು ತರಿಸಿ, ತಾನೂ ಹತ್ತಿ ಮಣಿಪಾಲಕ್ಕೆ ಹೊರಟಳು. ದಾರಿಯುದ್ದಕ್ಕೂ ಸ್ವರ್ಣಲತಾ ಗಂಡನ ಬಾಯಿ ಒರೆಸುತ್ತಿದ್ದಳು. ಇದು ಎಂತ ಕಾಯಿಲೆ ಎಂದು ಎರಡು ಸಲ ಕೇಳಿದಳು. ಮದ್ದು ಒಗ್ಗಲಿಲ್ಲ ಎಂದಷ್ಟೇ ಸುಭಾಷಿಣಿ ಹೇಳಿದಳು.

ಆಸ್ಪತ್ರೆಯಲ್ಲಿ ಸುಟ್ಟ ಗಾಯದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ನರಕ್ಕೆ ಸಲೈನ್ ಏರಿಸಿದರು, ಮೈಗೆ ಬಟ್ಟೆ ತಾಗದ ಹಾಗೆ ಮಲಗಿಸಿದರು. ರೆಪ್ಪೆ ಕಣ್ಣಿಗೆ ಅಂಟಿಕೊಳ್ಳಬಾರದೆಂದು ದಿನಕ್ಕೆ ಎಷ್ಟೋ ಸಲ ಕಣ್ಣು ತೊಳೆದು, ಗಾಜಿನ ಕಡ್ಡಿಯಿಂದ ರೆಪ್ಪೆ ಬಿಡಿಸುತ್ತಿದ್ದರು. ಅವನು ಕೂಗುತ್ತಿದ್ದದ್ದು ವರಾಂಡಕ್ಕೆ ಕೇಳುತ್ತಿತ್ತು.

ಅಲ್ಲೇ ಒಂದು ಮಧ್ಯಾಹ್ನ ಹಯಗ್ರೀವ ಮೇಷ್ಟ್ರು ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಲಕ್ಷಾಂತರ ಜನರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ ಸುಭಾಷಿಣಿ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ," ಎಂದರು. ಆಮೇಲೆ, "ಯಾವುದಕ್ಕೆ ಕೊಟ್ಟದ್ದು?" ಎಂದು ಕೇಳಿದರು.

"ಕೆಮ್ಮಿಗೆ ಸರ್. ಆರು ದಿನದ್ದು. ಎದೆ ಸ್ವಚ್ಛವಾಗಿತ್ತು."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ವಾರ್ಡಿನ ಕಡೆ ನಡೆದರು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವಳಿಗೆ.

ಐದು ವಾರಕ್ಕೆ ಧರ್ಮಪಾಲ ಮನೆಗೆ ಬಂದ. ಚರ್ಮ ಬಂದಿತ್ತು, ಬಾಯಿಯ ಹುಣ್ಣು ವಾಸಿಯಾಗಿತ್ತು. ಕೆಮ್ಮು ಯಾವಾಗ ನಿಂತಿತೆಂದು ಯಾರೂ ಗಮನಿಸಿಯೇ ಇರಲಿಲ್ಲ. ಕಣ್ಣು ಮಾತ್ರ ಮೊದಲಿನ ಹಾಗಾಗಲಿಲ್ಲ. ಕಣ್ಣೀರು ಬತ್ತಿತ್ತು. ರೆಪ್ಪೆ ಒಳಕ್ಕೆ ಮಡಚಿ ಕೂದಲು ಚುಚ್ಚುತ್ತಿತ್ತು. ಬಲಗಣ್ಣಿಗೆ ಬಿಳಿ ಮೋಡ ಕವಿದಿತ್ತು, ಎಡಗಣ್ಣಿಗೆ ಎದುರಿನವರ ಆಕಾರ ಕಾಣುತ್ತಿತ್ತು. ಬಿಸಿಲಿಗೆ, ಉಪ್ಪುಗಾಳಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಕಡಲಿನ ಕೆಲಸ ಮುಗಿದಿತ್ತು. ಬೋಟಿಗೆ ಬೇರೆ ತಾಂಡೇಲ ಬಂದ.

ಸುಭಾಷಿಣಿ ಒಂದು ಭಾನುವಾರ ಅವನ ಮನೆಗೆ ಹೋದಳು. ಕಿಟಕಿಗಳಿಗೆ ಗೋಣಿ ಕಟ್ಟಿದ್ದರು. ಒಳಗೆ ಧರ್ಮಪಾಲ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಸ್ವರ್ಣಲತಾ ನೀರು ಬೆಲ್ಲ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಅವಳು ತೀರಾ ಸೊರಗಿದ್ದಳು.

"ಇದೆಲ್ಲ ನನ್ನಿಂದಲೇ ಆದದ್ದು ಡಾಕ್ಟ್ರೇ," ಎಂದಳು. "ನಿಮ್ಮನ್ನು ಕೇಳದೆ ಎರಡನೇ ಸಲ ತಂದೆ. ಅದಕ್ಕೇ ಹೀಗಾಯ್ತು ಅಂತ ಅತ್ತೆ ದಿನಾ ಹೇಳ್ತಾರೆ."

ಆ ಮಾತನ್ನು ಹಾಗೆಯೇ ಬಿಟ್ಟು ಎದ್ದು ಬರಬಹುದಿತ್ತು. ಊರಲ್ಲೂ ಅದೇ ಸುದ್ದಿ ಹಬ್ಬಿತ್ತು, ಡಾಕ್ಟ್ರ ಹೆಸರಿಗೆ ಏನೂ ಆಗಿರಲಿಲ್ಲ. ಸುಭಾಷಿಣಿ ನೀರಿನ ಲೋಟ ಕೆಳಗಿಟ್ಟಳು.

"ನಿಮ್ಮಿಂದ ಅಲ್ಲ ಸ್ವರ್ಣಲತಾ. ಮೊದಲನೇ ಸಲದ್ದೇ ಬೇಕಾಗಿರಲಿಲ್ಲ. ಅದು ಆ ಗುಳಿಗೆಗೆ ಹೋಗುವ ಕೆಮ್ಮಲ್ಲ. ಮೂರು ವಾರ ಇದ್ದು ತಾನಾಗಿ ಹೋಗುವಂಥದ್ದು."

ಧರ್ಮಪಾಲ ಮುಖವನ್ನು ಅವಳ ಧ್ವನಿಯ ಕಡೆ ತಿರುಗಿಸಿದ.

"ಅದು ನಿಮಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಕೊಟ್ಟಿರಿ?"

"ನೀವು ಕೇಳಿದಿರಿ. ಹೊರಗೆ ಜನ ಕಾಯ್ತಾ ಇದ್ದರು. ಕೊಡದಿದ್ದರೆ ನೀವು ಬೇರೆ ಕಡೆ ಹೋಗ್ತೀರಿ ಅಂತಲೂ ಇತ್ತು."

"ನಾನು ಕೇಳುವುದು ಹೌದು," ಎಂದ ಧರ್ಮಪಾಲ. "ನನಗೆ ಗೊತ್ತಿಲ್ಲ, ಅದಕ್ಕೆ ಕೇಳುವುದು. ಬೇಡ ಅಂತ ಹೇಳ್ಲಿಕ್ಕೆ ನೀವಲ್ವಾ ಇರುವುದು?"

ಅವನು ಮತ್ತೇನೂ ಕೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಸ್ವರ್ಣಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಕ್ಲಿನಿಕ್ಕಿನಲ್ಲಿ ಕೆಮ್ಮಿನವರಿಗೆ ಹತ್ತು ನಿಮಿಷ ಹಿಡಿಯತೊಡಗಿತು. ಉದ್ದನೆಯ ಚೀಟಿ ಬರೆಯದ ಡಾಕ್ಟರು ಎಂದು ಕೆಲವರು ದೂರವಾದರು. ಬೇಕರಿಯ ಬ್ಯಾಪ್ಟಿಸ್ಟ್ ವಾರದ ಕೆಮ್ಮಿಗೆ ಬಂದು, ಗುಳಿಗೆ ಸಿಗದೆ ಸಿಟ್ಟಿನಿಂದ ಹೋದವನು ಉಡುಪಿಯಲ್ಲಿ ಬರೆಸಿಕೊಂಡು ಬಂದನಂತೆ. ಅದೇ ಬ್ಯಾಪ್ಟಿಸ್ಟ್ ಮರುವರ್ಷ ನೂರಮೂರು ಡಿಗ್ರಿ ಜ್ವರದಲ್ಲಿ, ಪಕ್ಕೆ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದ. ಬಲಗಡೆ ಕೆಳಗೆ ಉಸಿರಿನ ಜೊತೆ ಚಿಟಚಿಟ ಸದ್ದು ಕೇಳಿಸಿತು. ಆಗ ಅವಳು ತಡಮಾಡದೆ ಪೆನ್ಸಿಲಿನ್ ಕೊಟ್ಟಳು.

"ಆವತ್ತು ಕೊಡದಿದ್ದವರು ಇವತ್ತು ಹೇಗೆ ಕೊಟ್ಟಿರಿ?" ಎಂದು ಅವನು ಕೇಳಿದ್ದಕ್ಕೆ, "ಇವತ್ತು ಇದು ನ್ಯುಮೋನಿಯಾ ಮಾರಾಯ್ರೇ, ಇದಕ್ಕೆ ಬೇಕು," ಎಂದಳು.

ಎಂಬತ್ತೈದರ ಜುಲೈಯಲ್ಲಿ ಸ್ವರ್ಣಲತಾ ಕ್ಲಿನಿಕ್ಕಿಗೆ ಬಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ. ಅವಳು ಈಗ ಮೀನಿನ ಬುಟ್ಟಿ ಹೊತ್ತು, ಬಸ್ಸು ಹಿಡಿದು ಕಾರ್ಕಳದ ಸಂತೆಯ ತನಕ ಹೋಗುತ್ತಿದ್ದಳು. ಹತ್ತು ದಿನದ ಕೆಮ್ಮು, ಹಸಿರು ಕಫ. ಸ್ಟೂಲಿನ ತುದಿಯಲ್ಲಿ ಕೂತು, "ಗುಳಿಗೆ ಬರೆದರೆ ನಾನು ತಿನ್ನುವುದಿಲ್ಲ. ಎದೆ ಒಂದು ನೋಡಿ," ಎಂದಳು.

ಸುಭಾಷಿಣಿ ನೋಡಿದಳು. ಜ್ವರವಿಲ್ಲ, ಉಸಿರು ಸರಿಯಿದೆ, ಎದೆ ಸ್ವಚ್ಛ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಈ ಕೆಮ್ಮು ಒಟ್ಟು ಮೂರು ವಾರ ತನಕ ಇರಬಹುದು. ಬಣ್ಣ ನೋಡಿ ಹೆದರಬೇಡಿ. ಬಿಸಿನೀರು, ಗಂಜಿತಿಳಿ ಆಗಾಗ ಕುಡಿಯಿರಿ. ಮಲಗುವ ಮೊದಲು ಒಂದು ಚಮಚ ಜೇನು, ಗಂಟಲಿಗೆ ಹಿತವಾಗುತ್ತದೆ. ಮೈಕೈ ನೋವಿದ್ದರೆ ಪ್ಯಾರಸಿಟಮಾಲ್ ಸಾಕು. ಒಲೆಯ ಹೊಗೆಯಿಂದ ದೂರ ಇರಿ, ನಾಲ್ಕು ದಿನ ಬುಟ್ಟಿ ಹೊರಬೇಡಿ. ಜ್ವರ ಜೋರಾಗಿ ಬಂದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ, ಕಫದಲ್ಲಿ ರಕ್ತ ಕಂಡರೆ ಆವತ್ತೇ ಬನ್ನಿ. ಮೂರು ವಾರ ದಾಟಿಯೂ ನಿಲ್ಲದಿದ್ದರೆ ಆಗಲೂ ಬನ್ನಿ, ಕಫ ಪರೀಕ್ಷೆ ಮಾಡಿಸುವ. ಕ್ಷಯ ಅಲ್ಲ ಅಂತ ನೋಡಿಕೊಳ್ಳಬೇಕು."

ಸ್ವರ್ಣಲತಾ ಬೆರಳು ಮಡಚಿ ದಿನ ಎಣಿಸಿದಳು. "ಇನ್ನು ಹನ್ನೊಂದು ದಿನ," ಎಂದಳು. ಎದ್ದು ನಿಂತು ಗೋಡೆಯ ಗಡಿಯಾರದ ಕಡೆ ನೋಡಿದಳು. "ಇದನ್ನು ಹೇಳ್ಲಿಕ್ಕೆ ಜಾಸ್ತಿ ಹೊತ್ತು ಬೇಡ ಅಲ್ವಾ ಡಾಕ್ಟ್ರೇ?"

ಅವಳ ಧ್ವನಿಯಲ್ಲಿ ಕೊಂಕು ಇರಲಿಲ್ಲ. ಲೆಕ್ಕ ಸರಿಯಾಗಿದೆಯೇ ಎಂದು ಕೇಳುವ ಹಾಗಿತ್ತು.

"ಬೇಡ," ಎಂದಳು ಸುಭಾಷಿಣಿ.

"ಧರ್ಮಪಾಲ ಹೇಗಿದ್ದಾರೆ?" ಎಂದು ಕೇಳಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಸ್ವರ್ಣಲತಾ ಪರದೆ ಸರಿಸಿ ಹೊರಗೆ ಹೋಗಿದ್ದಳು. ಮೂರು ವಾರ ಕಳೆದರೂ ಅವಳು ಮತ್ತೆ ಬರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ, ಅವಳು ಬುಟ್ಟಿ ತಲೆಗಿಟ್ಟು ಪೇಟೆಯ ಕಡೆ ಬಿರಬಿರನೆ ನಡೆಯುವುದು ಕಾಣಿಸಿತು. ಕೆಮ್ಮುತ್ತಿರಲಿಲ್ಲ. ಸುಭಾಷಿಣಿ ಕೈ ಎತ್ತಿದಳು, ಅವಳು ನೋಡಲಿಲ್ಲ, ಬಸ್ಸು ಮುಂದೆ ಹೋಯಿತು.